ಆರ್‌ಕ್ಯೂ 1.08 ಬಂದಿದೆ: ವೆಂಟಿಲೇಟರ್‌ನಲ್ಲಿರುವ ರೋಗಿಗೆ ಆಹಾರ ಹೆಚ್ಚಾಯಿತೆಂದು ಹೇಳಬಹುದೇ?

ಕಿರಿಯ_ವೈದ್ಯೆ

ಎಲ್ಲರಿಗೂ ನಮಸ್ಕಾರ. ನ್ಯುಮೋನಿಯಾದಿಂದ ಸೆಪ್ಸಿಸ್ ಆಗಿ ವೆಂಟಿಲೇಟರ್ ಹಾಕಿಸಿಕೊಂಡ ರೋಗಿಯೊಬ್ಬರ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ. ವಯಸ್ಸು 58, ತೂಕ 70 ಕಿಲೊ, ಇಂದಿಗೆ ಒಂಬತ್ತನೆಯ ದಿನ. ಜ್ವರ ಇಳಿದಿದೆ, ರಕ್ತದೊತ್ತಡ ಏರಿಸುವ ಔಷಧಗಳೆಲ್ಲ ನಿಂತಿವೆ, ಆಮ್ಲಜನಕ ಶೇ. 40ರಲ್ಲಿ ಸಾಕಾಗುತ್ತಿದೆ. ಆದರೂ ವೆಂಟಿಲೇಟರ್ ಬಿಡಿಸಲು ನೋಡಿದಾಗಲೆಲ್ಲ ಉಸಿರಿನ ವೇಗ ಏರಿ ದಣಿದುಬಿಡುತ್ತಾರೆ. ಆಹಾರ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಹೊರೆ ಏರಿರಬಹುದೇ ಎಂಬ ಅನುಮಾನದಿಂದ ಈ ಬೆಳಿಗ್ಗೆ ಉಸಿರಿನ ಅನಿಲಗಳಿಂದ ಶಕ್ತಿವ್ಯಯ ಅಳೆಯುವ ಇನ್‌ಡೈರೆಕ್ಟ್ ಕ್ಯಾಲೊರಿಮೆಟ್ರಿ ಮಾಡಿಸಿದೆವು.

ಮೂವತ್ತು ನಿಮಿಷದ ಅಳತೆಯಲ್ಲಿ ದೇಹ ಬಳಸಿದ ಆಮ್ಲಜನಕ, ಅಂದರೆ VO2, ನಿಮಿಷಕ್ಕೆ 215 ಮಿ.ಲೀ., ಹೊರಬಿಟ್ಟ ಇಂಗಾಲದ ಡೈಆಕ್ಸೈಡ್, ಅಂದರೆ VCO2, 232 ಮಿ.ಲೀ., ಇವೆರಡರ ಅನುಪಾತವಾದ ಆರ್‌ಕ್ಯೂ 1.08, ಶಕ್ತಿವ್ಯಯ ದಿನಕ್ಕೆ 1590 ಕಿಲೊಕ್ಯಾಲೊರಿ ಎಂದು ಬಂದಿದೆ. ಏರಿಳಿತ ಶೇ. 10ರೊಳಗೇ ಇದ್ದುದರಿಂದ ಸ್ಥಿರ ಸ್ಥಿತಿ ಸಿಕ್ಕಿದೆ ಎಂದು ಯಂತ್ರವೇ ತೋರಿಸಿತು. ಮೂಗಿನ ನಳಿಕೆಯಲ್ಲಿ ಗಂಟೆಗೆ 75 ಮಿ.ಲೀ. ಆಹಾರ ಹೋಗುತ್ತಿದೆ, ಮಿ.ಲೀ.ಗೆ ಒಂದು ಕಿಲೊಕ್ಯಾಲೊರಿಯದು. 1800 ಕೊಡುತ್ತಿದ್ದೇವೆ, 1590 ಬೇಕಾಗಿದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಆರ್‌ಕ್ಯೂ 1.08ಕ್ಕೆ ಏರುವುದು ಸಹಜವೇ? ಆಹಾರವನ್ನು ಎಷ್ಟು ಇಳಿಸಬೇಕು?

ಎರಡನೇ_ವಾರ್ಡ್

ಇದರಲ್ಲಿ ಗೊಂದಲಪಡುವಂಥದ್ದೇನೂ ನನಗೆ ಕಾಣುತ್ತಿಲ್ಲ. ಆರ್‌ಕ್ಯೂ 0.85ಕ್ಕಿಂತ ಕೆಳಗಿದ್ದರೆ ಆಹಾರ ಸಾಲದು, 1.0 ಮೀರಿದರೆ ಆಹಾರ ಹೆಚ್ಚು, ನಡುವೆ ಇದ್ದರೆ ಸರಿ ಎಂದು ನಾವು ಹಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇವೆ. 1.08 ಎಂದರೆ ದೇಹವು ಸಕ್ಕರೆಯನ್ನು ಕೊಬ್ಬಾಗಿ ಮಾಡಿಕೊಳ್ಳುತ್ತಿದೆ ಎಂದೇ ಅರ್ಥ. ಇಂದೇ ಆಹಾರವನ್ನು ಮೂರನೇ ಒಂದು ಭಾಗ ಇಳಿಸಿ, ಜೊತೆಗೆ ಕೊಬ್ಬು ಹೆಚ್ಚಿರುವ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಆಹಾರಕ್ಕೆ ಬದಲಿಸಿ. ಇಂಗಾಲದ ಡೈಆಕ್ಸೈಡ್ ತಾನಾಗಿಯೇ ಇಳಿಯುತ್ತದೆ.

ಟ್ರೆಡ್‌ಮಿಲ್

ನಾನು ಕ್ರೀಡಾಪಟುಗಳ ಪರೀಕ್ಷೆ ಮಾಡುವವನು, ನಮ್ಮಲ್ಲೂ ಇದೇ ಅನುಪಾತವನ್ನು ದಿನವೂ ಅಳೆಯುತ್ತೇವೆ. ಓಟದ ಕೊನೆಯ ಹಂತದಲ್ಲಿ ಅದು 1.1 ದಾಟಿದರೆ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಏರಿ, ಅದನ್ನು ರಕ್ತದ ಬೈಕಾರ್ಬೋನೇಟ್ ತಟಸ್ಥಗೊಳಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬರುತ್ತಿದೆ ಎಂದು ಓದುತ್ತೇವೆ. ಹಾಗಾದರೆ ನಿಮ್ಮ ರೋಗಿ ವಿಪರೀತ ಶ್ರಮಪಡುತ್ತಿದ್ದಾರೆ ಎಂದಲ್ಲವೇ? ಆಹಾರಕ್ಕೂ ಇದಕ್ಕೂ ಸಂಬಂಧವೇ ಇರಲಾರದು ಎಂದು ನನಗೆ ಅನಿಸುತ್ತದೆ.

ವೆಂಟಿಲೇಟರ್_ತಂತ್ರಜ್ಞ

ಆಹಾರದ ಮಾತಿಗೆ ಮೊದಲು ವೆಂಟಿಲೇಟರ್‌ನ ಮಾತನ್ನು ಮುಗಿಸೋಣ ಮೇಡಂ. ಅಳತೆಗೆ ಮುಂಚಿನ ಎರಡು ಗಂಟೆಗಳಲ್ಲಿ ಉಸಿರಿನ ವೇಗವನ್ನಾಗಲಿ ಗಾತ್ರವನ್ನಾಗಲಿ ಯಾರಾದರೂ ಬದಲಿಸಿದ್ದರೇ? ಹಾಗೆಯೇ ಮೂವತ್ತು ನಿಮಿಷದ ಸರಾಸರಿಯನ್ನು ಬಿಟ್ಟು, ಮೊದಲ ಐದು ನಿಮಿಷದ VCO2 ಮತ್ತು ಕೊನೆಯ ಐದು ನಿಮಿಷದ VCO2 ಎಷ್ಟಿದ್ದವು ಎಂದು ಯಂತ್ರದ ದಾಖಲೆಯಿಂದ ತೆಗೆದು ಹೇಳಬಹುದೇ?

ಕಿರಿಯ_ವೈದ್ಯೆ

ಬದಲಿಸಿದ್ದೆವು. ಬೆಳಗಿನ ರಕ್ತಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ ಮಟ್ಟ, ಅಂದರೆ PaCO2, 50 ಬಂದಿತ್ತು. ಗಾತ್ರವನ್ನು 450 ಮಿ.ಲೀ.ಗೇ ಬಿಟ್ಟು, ವೇಗವನ್ನು ಮಾತ್ರ 21ರಿಂದ 26ಕ್ಕೆ ಏರಿಸಿದೆವು. ಅಂದರೆ ನಿಮಿಷಕ್ಕೆ ಸುಮಾರು 9.5 ಲೀಟರ್ ಇದ್ದದ್ದು 11.7 ಲೀಟರ್ ಆಯಿತು. ಅದಾಗಿ 40 ನಿಮಿಷಕ್ಕೆ ಅಳತೆ ಶುರುವಾಗಿದೆ. ದಾಖಲೆ ತೆಗೆದು ನೋಡಿದೆ: VCO2 ಮೊದಲ ಐದು ನಿಮಿಷದಲ್ಲಿ ಸರಾಸರಿ 241, ಕೊನೆಯ ಐದು ನಿಮಿಷದಲ್ಲಿ 223. VO2 ಮಾತ್ರ ಉದ್ದಕ್ಕೂ 213ರಿಂದ 217ರ ಒಳಗೇ ಇದೆ. ಲ್ಯಾಕ್ಟೇಟ್ 1.2 ಇದೆ, ರೋಗಿ ನಿದ್ರಾವಸ್ಥೆಯಲ್ಲಿ ಶಾಂತವಾಗಿದ್ದರು, ಆದ್ದರಿಂದ ಟ್ರೆಡ್‌ಮಿಲ್ ಅವರು ಹೇಳಿದ ಕಾರಣ ಇಲ್ಲಿಗೆ ಹೊಂದುವುದಿಲ್ಲ ಎನಿಸುತ್ತದೆ.

ತೀವ್ರನಿಗಾ_ಹಿರಿಯ

ತಂತ್ರಜ್ಞರು ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದಾರೆ. ಯಂತ್ರ ಅಳೆಯುವುದು ಬಾಯಿಂದ ಹೊರಬರುವ ಅನಿಲವನ್ನು, ನಮಗೆ ಬೇಕಾಗಿರುವುದು ಜೀವಕೋಶಗಳಲ್ಲಿ ಹುಟ್ಟುವ ಅನಿಲವನ್ನು. ಇವೆರಡೂ ಒಂದೇ ಆಗಿರುವುದು ದೇಹದ ದಾಸ್ತಾನು ಏರಿಳಿಯದೆ ಇರುವಾಗ ಮಾತ್ರ. ಆಮ್ಲಜನಕಕ್ಕೆ ದೇಹದಲ್ಲಿ ಹೇಳಿಕೊಳ್ಳುವಂಥ ದಾಸ್ತಾನಿಲ್ಲ, ಹಾಗಾಗಿ VO2 ಬೇಗನೆ ತನ್ನ ಮಟ್ಟಕ್ಕೆ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದು ರಕ್ತದಲ್ಲಿ, ಅಂಗಾಂಶಗಳಲ್ಲಿ, ಬೈಕಾರ್ಬೋನೇಟ್ ರೂಪದಲ್ಲಿ ಬಹಳಷ್ಟು ತುಂಬಿಕೊಂಡಿರುತ್ತದೆ. ವೆಂಟಿಲೇಷನ್ ಏರಿಸಿದ ಕೂಡಲೇ ಆ ದಾಸ್ತಾನು ಕರಗಿ ಹೊರಬರತೊಡಗುತ್ತದೆ, ಹೊಸ ಮಟ್ಟಕ್ಕೆ ನೆಲೆಗೊಳ್ಳಲು ಒಂದೆರಡು ಗಂಟೆ ಬೇಕಾಗಬಹುದು. ವೆಂಟಿಲೇಷನ್ ಇಳಿಸಿದರೆ ಇದೇ ಆಟ ತಿರುವುಮುರುವಾಗಿ ನಡೆದು, ಆರ್‌ಕ್ಯೂ ಸುಳ್ಳಾಗಿ ಕೆಳಗಿಳಿದು, ಆಹಾರ ಸಾಲದೆಂಬ ಭ್ರಮೆ ಹುಟ್ಟಿಸುತ್ತದೆ.

ಶೇ. 10ರ ನಿಯಮ ಇಲ್ಲಿ ನಿಮ್ಮನ್ನು ಕಾಪಾಡಲಿಲ್ಲ ಎಂಬುದನ್ನು ಗಮನಿಸಿ. 241ರಿಂದ 223ಕ್ಕೆ ಇಳಿದದ್ದು ಶೇ. 10ರ ಮಿತಿಯೊಳಗೇ ಬರುತ್ತದೆ, ಆದರೆ ಅದು ಅತ್ತಿತ್ತ ಓಲಾಡಿದ ಏರಿಳಿತವಲ್ಲ, ಒಂದೇ ದಿಕ್ಕಿಗೆ ಜಾರುತ್ತಿರುವ ಇಳಿತ. VO2 ಅಲುಗಾಡದೆ VCO2 ಮಾತ್ರ ಹೀಗೆ ಜಾರುತ್ತಿದ್ದರೆ ದಾಸ್ತಾನು ಖಾಲಿಯಾಗುತ್ತಿದೆ ಎಂದೇ ತಿಳಿಯಬೇಕು. ನಾನು ಸರಾಸರಿ ನೋಡುವ ಮೊದಲು ಗ್ರಾಫ್ ನೋಡುತ್ತೇನೆ.

ವೆಂಟಿಲೇಟರ್‌ನಲ್ಲಿ ಏನನ್ನೂ ಮುಟ್ಟದೆ ಎರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಆಹಾರವನ್ನು ಸದ್ಯಕ್ಕೆ ಬದಲಿಸಬೇಡಿ, ಇಲ್ಲವಾದರೆ ಎರಡು ಅಳತೆಗಳನ್ನು ಹೋಲಿಸಲಾಗದು. ಟ್ರೆಡ್‌ಮಿಲ್ ಅವರು ಹೇಳಿದ ಬೈಕಾರ್ಬೋನೇಟ್ ಪ್ರಕ್ರಿಯೆ ನಿಜವಾದದ್ದೇ. ಹೊಸದಾಗಿ ಆಮ್ಲತೆ ಏರುತ್ತಿರುವ ರೋಗಿಯಲ್ಲಿ ಅದು ನಮ್ಮಲ್ಲೂ ಆರ್‌ಕ್ಯೂವನ್ನು ಎತ್ತುತ್ತದೆ. ಈ ರೋಗಿಯಲ್ಲಿ ಅದಕ್ಕೆ ಆಧಾರವಿಲ್ಲ, ಅಷ್ಟೇ.

ಪಥ್ಯವಿಭಾಗ

ಕಾಯುವ ಆ ಎರಡು ಗಂಟೆಯಲ್ಲಿ ನನಗೊಂದು ಲೆಕ್ಕ ಬೇಕು ಡಾಕ್ಟರೇ. 1800 ಎಂದು ನೀವು ಬರೆದದ್ದು ನಳಿಕೆಯ ಆಹಾರದ್ದು ಮಾತ್ರ. ನಿದ್ರೆಗೆ ಪ್ರೊಪೊಫಾಲ್ ಹೋಗುತ್ತಿದೆಯೇ? ಡ್ರಿಪ್‌ನಲ್ಲಿ ಡೆಕ್ಸ್‌ಟ್ರೋಸ್ ಇದೆಯೇ? ಔಷಧಗಳನ್ನು ಯಾವುದರಲ್ಲಿ ಬೆರೆಸುತ್ತಿದ್ದಾರೆ? ಇವೆಲ್ಲ ಔಷಧದ ಹಾಳೆಯಲ್ಲಿ ಇರುತ್ತವೆ, ಆಹಾರದ ಹಾಳೆಯಲ್ಲಿ ಇರುವುದಿಲ್ಲ, ಅದರಿಂದಲೇ ಲೆಕ್ಕದಿಂದ ತಪ್ಪಿಹೋಗುತ್ತವೆ. ಮತ್ತೊಂದು ಮಾತು: ಆದೇಶದಲ್ಲಿ ಬರೆದ 75 ಮಿ.ಲೀ. ಬೇಡ, ಕಳೆದ 24 ಗಂಟೆಗಳಲ್ಲಿ ನಿಜಕ್ಕೂ ಹೋದದ್ದೆಷ್ಟು ಎಂದು ಪಂಪ್‌ನಿಂದ ಓದಿ ಹೇಳಿ. ಸ್ಕ್ಯಾನ್‌ಗೆಂದು ನಾಲ್ಕು ಗಂಟೆ ಆಹಾರ ನಿಲ್ಲಿಸಿದ್ದರೆ ಅದೂ ನನಗೆ ಬೇಕು.

ಕಿರಿಯ_ವೈದ್ಯೆ

ಮೇಡಂ, ಪಂಪ್‌ನಲ್ಲಿ ನಿನ್ನೆಯೂ ಇಂದೂ ಪೂರ್ತಿ 1800 ಮಿ.ಲೀ. ಹೋಗಿದೆ, ಎಲ್ಲೂ ನಿಂತಿಲ್ಲ. ಪ್ರೊಪೊಫಾಲ್ ಗಂಟೆಗೆ 10 ಮಿ.ಲೀ. ಓಡುತ್ತಿದೆ. ಮೊನ್ನೆ ಸೋಡಿಯಂ ಏರಿದ್ದಾಗ ಶುರುಮಾಡಿದ ಶೇ. 5ರ ಡೆಕ್ಸ್‌ಟ್ರೋಸ್ ಗಂಟೆಗೆ 50 ಮಿ.ಲೀ. ಇನ್ನೂ ಹೋಗುತ್ತಿದೆ. ಸೋಡಿಯಂ ಈಗ ಸರಿಯಾಗಿದೆ.

ಪಥ್ಯವಿಭಾಗ

ನೋಡಿ, ಇದೇ ನನ್ನ ಅನುಮಾನವಾಗಿತ್ತು. ಪ್ರೊಪೊಫಾಲ್ ಶೇ. 10ರ ಕೊಬ್ಬಿನ ದ್ರಾವಣದಲ್ಲಿ ಬರುತ್ತದೆ, ಮಿ.ಲೀ.ಗೆ 1.1 ಕಿಲೊಕ್ಯಾಲೊರಿ. ದಿನಕ್ಕೆ 240 ಮಿ.ಲೀ. ಆದರೆ 264. ಡೆಕ್ಸ್‌ಟ್ರೋಸ್ ದಿನಕ್ಕೆ 1200 ಮಿ.ಲೀ., ಅದರಲ್ಲಿ 60 ಗ್ರಾಂ ಸಕ್ಕರೆ, ಗ್ರಾಂಗೆ 3.4ರಂತೆ 204. ಒಟ್ಟು ಸೇರಿಸಿದರೆ 1800 ಅಲ್ಲ, 2268 ಕಿಲೊಕ್ಯಾಲೊರಿ ಹೋಗುತ್ತಿದೆ. ಆಹಾರದ ಹಂಚಿಕೆ ಶೇ. 50 ಕಾರ್ಬೋಹೈಡ್ರೇಟ್, ಶೇ. 34 ಕೊಬ್ಬು, ಶೇ. 16 ಪ್ರೋಟೀನ್ ಎಂದಿಟ್ಟುಕೊಂಡರೆ, ಎಲ್ಲ ಕೂಡಿ ಕಾರ್ಬೋಹೈಡ್ರೇಟ್‌ನಿಂದ 1104, ಕೊಬ್ಬಿನಿಂದ 876, ಪ್ರೋಟೀನ್‌ನಿಂದ 288. ಸೋಡಿಯಂ ಸರಿಹೋಗಿದೆ ಎಂದ ಮೇಲೆ ಆ ಡ್ರಿಪ್ ಇನ್ನೂ ಏಕೆ ಓಡುತ್ತಿದೆ ಎಂಬುದನ್ನು ದಯವಿಟ್ಟು ಇಂದೇ ವಿಚಾರಿಸಿ.

ಕಿರಿಯ_ವೈದ್ಯೆ

ಎರಡನೆಯ ಅಳತೆ ಬಂತು. ವೆಂಟಿಲೇಟರ್, ಆಹಾರ, ಡ್ರಿಪ್, ನಿದ್ರೆಯ ಔಷಧ ಯಾವುದನ್ನೂ ಬದಲಿಸಿಲ್ಲ. VO2 218, VCO2 207, ಆರ್‌ಕ್ಯೂ 0.95, ಶಕ್ತಿವ್ಯಯ 1567. ಈ ಸಲ ಗ್ರಾಫ್ ಸಮತಟ್ಟಾಗಿದೆ. PaCO2 41.

ಇದರಿಂದ ನನಗೆ ಗೊಂದಲ ಹೆಚ್ಚಿತು. ಪಥ್ಯವಿಭಾಗದ ಲೆಕ್ಕದಂತೆ ವ್ಯಯದ ಶೇ. 145ರಷ್ಟು ಕೊಡುತ್ತಿದ್ದೇವೆ. ಅಷ್ಟೊಂದು ಹೆಚ್ಚಾಗಿದ್ದರೆ ಆರ್‌ಕ್ಯೂ 1.0 ಮೀರಬೇಕಿತ್ತಲ್ಲವೇ? ಎರಡನೇ_ವಾರ್ಡ್ ಅವರ ನಿಯಮದಂತೆ 0.95 ಎಂದರೆ ಎಲ್ಲ ಸರಿಯಾಗಿದೆ ಎಂದೇ ಆಗುತ್ತದೆ.

ಎರಡನೇ_ವಾರ್ಡ್

0.95 ಬಂದಿದ್ದರೆ ಮಿತಿಯೊಳಗೇ ಇದೆ, ನಾನಾಗಿದ್ದರೆ ಹಾಗೆಯೇ ಮುಂದುವರಿಸುತ್ತಿದ್ದೆ. ಆದರೂ ಮೊದಲ ಅಳತೆಯ ಆಧಾರದ ಮೇಲೆ ಆಹಾರ ಇಳಿಸಿ ಎಂದಿದ್ದೆ, ಈಗ ಲೆಕ್ಕವೂ ಹೆಚ್ಚಾಗಿದೆ ಎಂದೇ ಹೇಳುತ್ತಿದೆ. ಅಂದಮೇಲೆ ಮೊದಲ ಅಳತೆಯೇ ನಿಜ ಹೇಳಿತೆಂದು ಆಗುವುದಿಲ್ಲವೇ?

ತೀವ್ರನಿಗಾ_ಹಿರಿಯ

ತೀರ್ಮಾನ ಸರಿಯಿತ್ತು, ಅದಕ್ಕೆ ಕೊಟ್ಟ ಸಾಕ್ಷಿ ಸರಿಯಿರಲಿಲ್ಲ. ಈ ರೋಗಿಯಲ್ಲಿ ಆ ಎರಡೂ ಒಂದೇ ಕಡೆ ಬಂದು ನಿಂತದ್ದು ಕಾಕತಾಳೀಯ, ನಾಳೆ ಇನ್ನೊಬ್ಬ ರೋಗಿಯಲ್ಲಿ ಹಾಗಾಗದು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಸೂತ್ರ ನೋಡಿ, REE ಎಂದರೆ ಶಕ್ತಿವ್ಯಯ.

```
RQ  = VCO2 / VO2
REE = (3.941 × VO2 + 1.106 × VCO2) × 1.44
```

ಎರಡನೆಯದಾದ ವೀಯರ್ ಸೂತ್ರದಲ್ಲಿ VO2ಗೆ ಇರುವ ತೂಕ VCO2ಗೆ ಇರುವುದಕ್ಕಿಂತ ಮೂರೂವರೆ ಪಟ್ಟು ಹೆಚ್ಚು. ಅದಕ್ಕೇ VCO2 232ರಿಂದ 207ಕ್ಕೆ ಇಳಿದರೂ ಶಕ್ತಿವ್ಯಯ 1590ರಿಂದ 1567ಕ್ಕೆ ಮಾತ್ರ ಸರಿಯಿತು, ಆರ್‌ಕ್ಯೂ ಮಾತ್ರ 1.08ರಿಂದ 0.95ಕ್ಕೆ ಜಿಗಿಯಿತು. ಅಂದರೆ ಒಂದೇ ಅಳತೆಯಲ್ಲಿ ಶಕ್ತಿವ್ಯಯ ನಂಬಲರ್ಹವಾಗಿದ್ದು ಆರ್‌ಕ್ಯೂ ನಂಬಲಾಗದ್ದಾಗಿರಬಹುದು. ಆಹಾರ ಹೆಚ್ಚಾಗಿದೆಯೇ ಎಂಬ ಪ್ರಶ್ನೆಗೆ ನಾನು ಮೊದಲು ಕೇಳುವುದು ಶಕ್ತಿವ್ಯಯವನ್ನು. ಆರ್‌ಕ್ಯೂವನ್ನು ಅದರ ಪಕ್ಕದಲ್ಲಿಟ್ಟು, ಎರಡೂ ಒಂದೇ ಕಥೆ ಹೇಳುತ್ತವೆಯೇ ಎಂದು ನೋಡುತ್ತೇನೆ.

ಈಗ 1.0 ಏಕೆ ಮೀರಲಿಲ್ಲ ಎಂಬ ಪ್ರಶ್ನೆ. ಹೆಚ್ಚಾದ ಆಹಾರದಲ್ಲಿ ದೇಹ ಮೊದಲು ಪಕ್ಕಕ್ಕೆ ಇಡುವುದು ಕೊಬ್ಬನ್ನು. ಕೊಟ್ಟ ಕೊಬ್ಬು ನೇರವಾಗಿ ಕೊಬ್ಬಿನ ದಾಸ್ತಾನಿಗೆ ಹೋಗುತ್ತದೆ, ಅದಕ್ಕೆ ಆಮ್ಲಜನಕದ ಖರ್ಚಾಗಲಿ ಇಂಗಾಲದ ಡೈಆಕ್ಸೈಡ್‌ನ ಹುಟ್ಟಾಗಲಿ ಹೆಚ್ಚೇನೂ ಇಲ್ಲ. ಉರಿಯುವುದು ಕಾರ್ಬೋಹೈಡ್ರೇಟ್. ಸಕ್ಕರೆಯನ್ನು ಕೊಬ್ಬಾಗಿ ಮಾಡುವ ಕೆಲಸ ಆರ್‌ಕ್ಯೂವನ್ನು 1.0ರ ಮೇಲೆ ಎತ್ತಿ ಹಿಡಿಯುವಷ್ಟು ನಡೆಯಬೇಕಾದರೆ, ಕೊಟ್ಟ ಕಾರ್ಬೋಹೈಡ್ರೇಟ್ ಇಡೀ ದಿನದ ವ್ಯಯವನ್ನೇ ಮೀರಿರಬೇಕು. ಇಲ್ಲಿ ಕಾರ್ಬೋಹೈಡ್ರೇಟ್ 1104, ವ್ಯಯ 1567. ಆದ್ದರಿಂದ ಈ ರೋಗಿಯಲ್ಲಿ 1.08 ದಿನವಿಡೀ ನಿಲ್ಲುವ ಸಂಖ್ಯೆಯೇ ಆಗಿರಲಿಲ್ಲ. ಆ ಬೆಳಿಗ್ಗೆ ವೆಂಟಿಲೇಷನ್ ಬದಲಾದದ್ದು ನಮಗೆ ಗೊತ್ತಾಗದೆ ಹೋಗಿದ್ದರೂ, ಈ ಒಂದು ಹೋಲಿಕೆಯಿಂದಲೇ ಅಳತೆಯನ್ನು ಅನುಮಾನಿಸಬಹುದಿತ್ತು.

ಹಾಗಾದರೆ ಎಷ್ಟು ಬರಬೇಕಿತ್ತು? ಕಾರ್ಬೋಹೈಡ್ರೇಟ್ 1104 ಪೂರ್ತಿ ಉರಿಯಿತು, ಪ್ರೋಟೀನ್ 288 ಉರಿಯಿತು, ಉಳಿದ 175 ಕೊಬ್ಬಿನಿಂದ ಬಂತು ಎಂದಿಟ್ಟುಕೊಳ್ಳಿ. ಕಾರ್ಬೋಹೈಡ್ರೇಟ್ ಉರಿದಾಗ ಆರ್‌ಕ್ಯೂ 1.00, ಪ್ರೋಟೀನ್ ಉರಿದಾಗ 0.82, ಕೊಬ್ಬು ಉರಿದಾಗ 0.70.

```
(1104 × 1.00 + 288 × 0.82 + 175 × 0.70) / 1567 = 0.93
```

ಅಳತೆಯಲ್ಲಿ ಬಂದದ್ದು 0.95. ಇದು ಒರಟು ಲೆಕ್ಕ, ಆದರೆ ಇಷ್ಟು ಹತ್ತಿರ ಬಂದರೆ ನನಗೆ ಸಾಕು. ಇನ್ನು ಕೊಟ್ಟದ್ದೆಲ್ಲ ಕೊಟ್ಟ ಹಾಗೆಯೇ ಉರಿದಿದ್ದರೆ ಏನು ಬರುತ್ತಿತ್ತು ಎಂದು ನೋಡಿ.

```
(1104 × 1.00 + 876 × 0.70 + 288 × 0.82) / 2268 = 0.86
```

ಇದನ್ನು ಆಹಾರದ ಆರ್‌ಕ್ಯೂ ಎನ್ನೋಣ. ರೋಗಿಯ ಆರ್‌ಕ್ಯೂ ಇದಕ್ಕಿಂತ ಮೇಲಿದ್ದರೆ ಕೊಟ್ಟ ಕೊಬ್ಬು ಉರಿಯದೆ ಕೂಡಿಡಲ್ಪಡುತ್ತಿದೆ, ಕೆಳಗಿದ್ದರೆ ರೋಗಿ ತನ್ನ ಕೊಬ್ಬನ್ನೇ ಉರಿಸುತ್ತಿದ್ದಾನೆ. 0.95 ಎಂಬುದು 0.86ರ ಎದುರಿಗೆ ಸ್ಪಷ್ಟವಾಗಿ ಮೇಲಿದೆ, ಶಕ್ತಿಯ ಲೆಕ್ಕವೂ ಶೇ. 145 ಎನ್ನುತ್ತಿದೆ. ಆಹಾರ ಹೆಚ್ಚಾಗಿದೆ ಎಂದು ನಾನು ಧೈರ್ಯವಾಗಿ ಹೇಳುವುದು ಈ ಎರಡರ ಬಲದ ಮೇಲೆ. ಪ್ರೊಪೊಫಾಲ್ ಇಲ್ಲಿ ಇನ್ನೊಂದು ಕೆಲಸ ಮಾಡುತ್ತಿದೆ. ಹೆಚ್ಚುವರಿ ಶಕ್ತಿಯ ಒಂದು ಪಾಲು ಕೊಬ್ಬಿನ ರೂಪದಲ್ಲಿ ಬರುವುದರಿಂದ, ಅದರ ಅತಿಯು ಆರ್‌ಕ್ಯೂನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಪಥ್ಯವಿಭಾಗ

ಆಹಾರ ಸಾಲದಿದ್ದಾಗಲೂ ಇದೇ ಲೆಕ್ಕ ನಡೆಯುತ್ತದೆಯೇ ಸರ್? ನಮಗೆ ಹೆಚ್ಚು ಎದುರಾಗುವುದು ಆ ಕಡೆಯ ತೊಂದರೆ.

ತೀವ್ರನಿಗಾ_ಹಿರಿಯ

ನಡೆಯುತ್ತದೆ, ಮತ್ತು ಆರ್‌ಕ್ಯೂ ಎಷ್ಟು ಮೊಂಡಾದ ಸಾಧನ ಎಂಬುದು ಅಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇದೇ ರೋಗಿಗೆ ಡ್ರಿಪ್ ಇಲ್ಲ, ಪ್ರೊಪೊಫಾಲ್ ಇಲ್ಲ, ಆಹಾರ 900 ಕಿಲೊಕ್ಯಾಲೊರಿ ಮಾತ್ರ ಎಂದಿಟ್ಟುಕೊಳ್ಳಿ. ಅಂದರೆ ವ್ಯಯದ ಶೇ. 57. ಕಾರ್ಬೋಹೈಡ್ರೇಟ್ 450, ಪ್ರೋಟೀನ್ 144, ಉಳಿದ 973 ಅವರ ಮೈಯ ಕೊಬ್ಬಿನಿಂದ. ಲೆಕ್ಕ ಹಾಕಿದರೆ ಆರ್‌ಕ್ಯೂ 0.80 ಬರುತ್ತದೆ. ಅದೇ ಆಹಾರವನ್ನು ವ್ಯಯಕ್ಕೆ ಸರಿಯಾಗಿ ಕೊಟ್ಟರೆ 0.87. ಶೇ. 145 ಕೊಟ್ಟರೆ, ಆಗಲೇ ನೋಡಿದಂತೆ, 0.93.

ಅರೆಹೊಟ್ಟೆಯಿಂದ ಅತಿಯಾದ ಆಹಾರದವರೆಗಿನ ಇಡೀ ಹಾದಿ 0.80ರಿಂದ 0.93ರ ನಡುವೆ ಮುಗಿದುಹೋಯಿತು. ನಮ್ಮ ಬೆಳಗಿನ ಒಂದೇ ತಪ್ಪು ಅಳತೆ ಇಷ್ಟೇ ದೂರ, ಅಂದರೆ 0.13ರಷ್ಟು, ಅತ್ತ ಸರಿದಿತ್ತು. 2003ರಲ್ಲಿ ಮೆಕ್‌ಕ್ಲೇವ್ ಮತ್ತು ಸಂಗಡಿಗರು 0.85 ಹಾಗೂ 1.0ರ ಗೆರೆಗಳನ್ನು ವೆಂಟಿಲೇಟರ್ ರೋಗಿಗಳಲ್ಲಿ ಪರೀಕ್ಷಿಸಿದಾಗ, ಆಹಾರ ಹೆಚ್ಚಾದವರನ್ನೂ ಸಾಲದವರನ್ನೂ ಹಿಡಿದುಕೊಡುವಲ್ಲಿ ಅವು ದುರ್ಬಲವೆಂದೇ ಕಂಡದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಎರಡನೇ_ವಾರ್ಡ್ ಅವರ ನಿಯಮ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ, ಗೆರೆಯನ್ನು ಮಾತ್ರ ಅಷ್ಟು ಗಟ್ಟಿಯಾಗಿ ಎಳೆಯಲಾಗದು.

ಮತ್ತೊಂದು ಎಚ್ಚರಿಕೆ. ಕಾಯಿಲೆಯ ಮೊದಲ ಕೆಲವು ದಿನಗಳಲ್ಲಿ ಯಕೃತ್ತು ತಾನೇ ಸಕ್ಕರೆ ತಯಾರಿಸಿ ಬಿಡುತ್ತಿರುತ್ತದೆ, ನಾವು ಆಹಾರ ಕೊಟ್ಟರೂ ಅದು ಪೂರ್ತಿ ನಿಲ್ಲುವುದಿಲ್ಲ. ಅದನ್ನು ಈ ಯಂತ್ರ ಅಳೆಯಲಾರದು. ಯೂರೋಪಿನ ಪೋಷಣಾ ಸಂಘವಾದ ಎಸ್ಪೆನ್ ತನ್ನ ಮಾರ್ಗದರ್ಶಿಯಲ್ಲಿ ಆ ದಿನಗಳಿಗೆ ಅಳೆದ ವ್ಯಯದ ಶೇ. 70 ಮೀರಬೇಡಿ, ಮೂರನೆಯ ದಿನದ ನಂತರ ಶೇ. 80ರಿಂದ 100ಕ್ಕೆ ಏರಿಸಬಹುದು ಎಂದಿದೆ. ಹಾಗಾಗಿ ಎರಡನೆಯ ದಿನ 0.78 ಬಂದರೆ ಅದು ನಾವೇ ಬಯಸಿ ಕಡಿಮೆ ಕೊಟ್ಟದ್ದರ ಫಲ. ಅದನ್ನು ಕಂಡು ಆಹಾರ ಏರಿಸುವುದು ಸರಿಯಲ್ಲ. ಹನ್ನೆರಡನೆಯ ದಿನ 0.78 ಬಂದರೆ ಮಾತು ಬೇರೆ.

ಎರಡನೇ_ವಾರ್ಡ್

ಒಪ್ಪುತ್ತೇನೆ. ಆದರೆ ಕೊಬ್ಬು ಹೆಚ್ಚಿರುವ ಆಹಾರದ ಸಲಹೆಯನ್ನು ನಾನು ಬಿಟ್ಟುಕೊಡಲಾರೆ. ಕಾರ್ಬೋಹೈಡ್ರೇಟ್ ಕಡಿಮೆಯಾದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎಂಬುದು ರಸಾಯನಶಾಸ್ತ್ರ.

ತೀವ್ರನಿಗಾ_ಹಿರಿಯ

ರಸಾಯನಶಾಸ್ತ್ರ ಸರಿ, ಪ್ರಮಾಣ ಸಣ್ಣದು. 1992ರಲ್ಲಿ ಟಾಲ್ಪರ್ಸ್ ಮತ್ತು ಸಂಗಡಿಗರು ವೆಂಟಿಲೇಟರ್ ರೋಗಿಗಳಲ್ಲಿ ಇದನ್ನೇ ನೋಡಿದರು. ಒಟ್ಟು ಕ್ಯಾಲೊರಿಯನ್ನು ಹಾಗೆಯೇ ಇಟ್ಟು ಕಾರ್ಬೋಹೈಡ್ರೇಟ್ ಪಾಲನ್ನು ಬದಲಿಸಿದಾಗ VCO2 ಹೇಳಿಕೊಳ್ಳುವಂತೆ ಬದಲಾಗಲಿಲ್ಲ, ಒಟ್ಟು ಕ್ಯಾಲೊರಿಯನ್ನು ಏರಿಸಿದಾಗ ಏರಿತು. ಈ ರೋಗಿಗೆ ಈಗಾಗಲೇ ಪ್ರೊಪೊಫಾಲ್‌ನಿಂದ ಕೊಬ್ಬು ಹೋಗುತ್ತಿದೆ, ಇನ್ನಷ್ಟು ಸೇರಿಸುವುದು ನನಗೆ ಸರಿಕಾಣುವುದಿಲ್ಲ. ಒಟ್ಟನ್ನು ಇಳಿಸೋಣ.

ಮೂತ್ರಪಿಂಡ_ಘಟಕ

ನನ್ನದೂ ಒಂದು ಪ್ರಶ್ನೆ ಇದೆ, ಇಲ್ಲಿಯೇ ಕೇಳುತ್ತೇನೆ. ನಮ್ಮ ರೋಗಿಯೊಬ್ಬರಿಗೆ ಆರ್‌ಕ್ಯೂ 0.68 ಬಂದಿದೆ. ಏಳನೆಯ ದಿನ, ಆಹಾರ ಗುರಿ ಮುಟ್ಟಿದೆ, ಪಂಪ್‌ನಲ್ಲೂ ಪೂರ್ತಿ ಹೋಗಿದೆ. ನಿರಂತರ ಡಯಾಲಿಸಿಸ್ ನಡೆಯುತ್ತಿದೆ, ಆಮ್ಲಜನಕ ಶೇ. 65. ಇವರು ಉಪವಾಸದ ಸ್ಥಿತಿಯಲ್ಲಿದ್ದಾರೆ ಎಂದು ಆಹಾರ ಏರಿಸಲು ಹೊರಟಿದ್ದೆವು.

ವೆಂಟಿಲೇಟರ್_ತಂತ್ರಜ್ಞ

ದಯವಿಟ್ಟು ತಡೆಯಿರಿ. ಶೇ. 65ರ ಆಮ್ಲಜನಕದಲ್ಲಿ ಬಂದ ಆರ್‌ಕ್ಯೂವನ್ನು ನಾನು ವರದಿಯಲ್ಲಿ ಬರೆಯುವುದೇ ಇಲ್ಲ. ಹೆಚ್ಚಿನ ಯಂತ್ರಗಳಲ್ಲಿ ಒಳಹೋಗುವ ಗಾಳಿಯ ಗಾತ್ರವನ್ನು ನೇರವಾಗಿ ಅಳೆಯದೆ, ನೈಟ್ರೋಜನ್ ಒಳಗೂ ಹೊರಗೂ ಒಂದೇ ಎಂದುಕೊಂಡು ಲೆಕ್ಕದಿಂದ ಪಡೆಯುತ್ತಾರೆ. ಆಮ್ಲಜನಕ ಏರಿದಷ್ಟೂ ನೈಟ್ರೋಜನ್ ಕಡಿಮೆಯಾಗುತ್ತದೆ, ಸಣ್ಣ ತಪ್ಪು ದೊಡ್ಡದಾಗುತ್ತದೆ. ನಿಮಿಷಕ್ಕೆ 10 ಲೀಟರ್ ಉಸಿರಾಡುವ ರೋಗಿಯಲ್ಲಿ, ಶೇ. 65.0 ಇರುವುದನ್ನು ಯಂತ್ರ ಶೇ. 65.1 ಎಂದು ಓದಿದರೆ ಸಾಕು, VO2ನಲ್ಲಿ ಸುಮಾರು 29 ಮಿ.ಲೀ. ಹೆಚ್ಚಾಗಿ ಕಾಣುತ್ತದೆ. 220 ಇರಬೇಕಾದದ್ದು 249 ಆಯಿತೆಂದರೆ, ನಿಜವಾದ 0.85 ಯಂತ್ರದಲ್ಲಿ 0.75 ಆಗಿಬಿಡುತ್ತದೆ. ಅದೇ ತಪ್ಪು ಶೇ. 40ರಲ್ಲಿ ಆದರೆ ವ್ಯತ್ಯಾಸ 17 ಮಿ.ಲೀ. ಆಸುಪಾಸು. ಶೇ. 60 ಮೀರಿದರೆ ಅಳೆಯಬೇಡಿ ಎನ್ನುವುದು ಈ ಕಾರಣಕ್ಕೆ.

ಟ್ಯೂಬಿನ ಸುತ್ತ ಸೋರಿಕೆ ಇದೆಯೇ ಎಂದೂ ನೋಡಿ, ಆದರೆ ಅದನ್ನು ಆರ್‌ಕ್ಯೂನಲ್ಲಿ ಹುಡುಕಬೇಡಿ. ಹೊರಬರುವ ಗಾಳಿ ಸೋರಿದರೆ VO2, VCO2 ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆ ಕಾಣಿಸಿ, ಅನುಪಾತ ಚೆನ್ನಾಗಿಯೇ ಇರುತ್ತದೆ, ಶಕ್ತಿವ್ಯಯ ಮಾತ್ರ ಸುಳ್ಳಾಗಿ ಇಳಿದಿರುತ್ತದೆ. ಒಳಹೋದ ಗಾತ್ರಕ್ಕೂ ಹೊರಬಂದ ಗಾತ್ರಕ್ಕೂ ಇರುವ ವ್ಯತ್ಯಾಸವನ್ನು ವೆಂಟಿಲೇಟರ್ ಪರದೆಯಲ್ಲೇ ನೋಡಿಕೊಳ್ಳಿ.

ತೀವ್ರನಿಗಾ_ಹಿರಿಯ

ಡಯಾಲಿಸಿಸ್‌ನ ವಿಷಯ ಇದರಷ್ಟು ಸರಳವಲ್ಲ. ಇಂಗಾಲದ ಡೈಆಕ್ಸೈಡ್‌ನ ಒಂದು ಭಾಗ ಬೈಕಾರ್ಬೋನೇಟ್ ಆಗಿ ಸೋಸಿದ ದ್ರವದಲ್ಲಿ ಹೊರಹೋಗುತ್ತದೆ, ಆದರೆ ನಾವು ಕೊಡುವ ದ್ರವದಿಂದ ಬೈಕಾರ್ಬೋನೇಟ್ ಒಳಗೂ ಬರುತ್ತದೆ, ಸಿಟ್ರೇಟ್ ಬಳಸಿದರೆ ಅದು ಸ್ವತಃ ಉರಿಯುವ ಇಂಧನವೂ ಹೌದು. ನಿವ್ವಳ ಎತ್ತ ಸರಿಯುತ್ತದೆ ಎಂಬುದು ದ್ರವದ ಆಯ್ಕೆಯ ಮೇಲೆ ನಿಂತಿದೆ. ಶಕ್ತಿವ್ಯಯಕ್ಕೆ ಅದರಿಂದ ಆಗುವ ತಪ್ಪು ಸಾಮಾನ್ಯವಾಗಿ ಸಣ್ಣದು ಎಂದು ನಾನು ಒಪ್ಪುತ್ತೇನೆ, ಆದರೆ ಆರ್‌ಕ್ಯೂನ ಎರಡನೆಯ ದಶಮಾಂಶವನ್ನು ನೆಚ್ಚಿ ಆಹಾರ ಬದಲಿಸುವುದಿಲ್ಲ. ಗುರಿ ಮುಟ್ಟಿದ ಆಹಾರ ಪೂರ್ತಿ ಹೋಗುತ್ತಿರುವ ರೋಗಿಯಲ್ಲಿ 0.68 ಎಂದರೆ ಅವರ ಕಾರ್ಬೋಹೈಡ್ರೇಟ್ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರ ಸಿಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು.

ಮೂತ್ರಪಿಂಡ_ಘಟಕ

ಕಾರ್ಬೋಹೈಡ್ರೇಟ್ ದಿನಕ್ಕೆ 800 ಕಿಲೊಕ್ಯಾಲೊರಿಯಷ್ಟು ಹೋಗುತ್ತಿದೆ, ರಕ್ತದ ಸಕ್ಕರೆ ಹತೋಟಿಯಲ್ಲಿದೆ, ಕೀಟೋನ್ ಇಲ್ಲ. ಆದರೂ ಒಂದು ಸಂಶಯ ಉಳಿಯಿತು ಸರ್. ಬೇಕಾದಷ್ಟು ಇನ್ಸುಲಿನ್ ಕೊಟ್ಟೇ ಸಕ್ಕರೆ ಹತೋಟಿಗೆ ಬಂದಿರುವ ರೋಗಿಯಲ್ಲಿ ಆ ಸಕ್ಕರೆಯೆಲ್ಲ ಉರಿದೇ ಹೋಯಿತು ಎಂದು ಹೇಳಬಹುದೇ? ಗ್ಲೈಕೋಜನ್ ಆಗಿ ಕೂಡಿಡಲ್ಪಟ್ಟಿದ್ದರೆ?

ತೀವ್ರನಿಗಾ_ಹಿರಿಯ

ಒಂದೆರಡು ದಿನದ ಮಟ್ಟಿಗೆ ಹೇಳಲಾಗದು, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಉಪವಾಸದ ನಂತರ ಆಹಾರ ಶುರುವಾದಾಗ ಗ್ಲೈಕೋಜನ್ ತುಂಬಿಕೊಳ್ಳುತ್ತದೆ, ಆಗ ನನ್ನ ಲೆಕ್ಕ ತೋರಿಸುವುದಕ್ಕಿಂತ ಆರ್‌ಕ್ಯೂ ಕೆಳಗೇ ಇರಬಹುದು. ಆದರೆ ಆ ಉಗ್ರಾಣ ಸಣ್ಣದು, ದಿನಗಟ್ಟಲೆ 800 ಕಿಲೊಕ್ಯಾಲೊರಿಯನ್ನು ನುಂಗಲಾರದು. ಅದಕ್ಕೇ ಆಹಾರ ಎರಡು ಮೂರು ದಿನ ಒಂದೇ ಮಟ್ಟದಲ್ಲಿ ಹೋದ ಮೇಲೆ ಮಾತ್ರ ನಾನು ಈ ಹೋಲಿಕೆ ಮಾಡುತ್ತೇನೆ.

ಕಿರಿಯ_ವೈದ್ಯೆ

ನಮ್ಮ ರೋಗಿಯ ಮುಂದಿನ ವಿವರ ಕೊಡುತ್ತೇನೆ. ಡೆಕ್ಸ್‌ಟ್ರೋಸ್ ಅಂದೇ ನಿಲ್ಲಿಸಿದೆವು, ನಿದ್ರೆ ಕಡಿಮೆ ಮಾಡಿ ಪ್ರೊಪೊಫಾಲ್ ಗಂಟೆಗೆ 4 ಮಿ.ಲೀ.ಗೆ ಇಳಿಸಿದೆವು. ನಾನು ಆಹಾರವನ್ನು ಗಂಟೆಗೆ 60ಕ್ಕೆ ಇಳಿಸಲು ಹೊರಟಿದ್ದೆ, ಪಥ್ಯವಿಭಾಗದ ಮೇಡಂ ಬೇರೆ ಸಲಹೆ ಕೊಟ್ಟರು.

ಪಥ್ಯವಿಭಾಗ

ಏಕೆಂದರೆ 60ಕ್ಕೆ ಇಳಿಸಿದರೆ ಪ್ರೋಟೀನ್ 58 ಗ್ರಾಂಗೆ ಬೀಳುತ್ತಿತ್ತು, ಕಿಲೊಗೆ 0.8 ಮಾತ್ರ. ಒಂಬತ್ತು ದಿನ ಮಲಗಿ ಸ್ನಾಯು ಕಳೆದುಕೊಂಡವರು ತಮ್ಮ ಉಸಿರನ್ನು ತಾವೇ ಎಳೆದುಕೊಳ್ಳಬೇಕು, ಅವರ ಪ್ರೋಟೀನ್ ಕಡಿಮೆ ಮಾಡಲು ನನಗೆ ಮನಸ್ಸಿರಲಿಲ್ಲ. ಆಹಾರವನ್ನು ಗಂಟೆಗೆ 50ಕ್ಕೆ ತಂದು, 40 ಗ್ರಾಂ ಪ್ರೋಟೀನ್ ಪುಡಿ ಸೇರಿಸಿದೆವು. ಪ್ರೋಟೀನ್ 88 ಗ್ರಾಂ, ಪ್ರೊಪೊಫಾಲ್ ಸೇರಿ ಒಟ್ಟು ಶಕ್ತಿ 1466. ಈ ಹೊಸ ಮಿಶ್ರಣದ ಆಹಾರದ ಆರ್‌ಕ್ಯೂ 0.85 ಆಗುತ್ತದೆ.

ಕಿರಿಯ_ವೈದ್ಯೆ

ಮೂರು ದಿನದ ನಂತರ, ವೆಂಟಿಲೇಟರ್ ಮುಟ್ಟದೆ ಎರಡು ಗಂಟೆ ಬಿಟ್ಟು ಅಳೆದೆವು. VO2 212, VCO2 178, ಆರ್‌ಕ್ಯೂ 0.84, ಶಕ್ತಿವ್ಯಯ 1487. PaCO2 41ರಲ್ಲೇ ಇದೆ, ಅದನ್ನು ಅಲ್ಲಿಡಲು ಬೇಕಾದ ವೆಂಟಿಲೇಷನ್ 11.7ರಿಂದ 10.1 ಲೀಟರ್‌ಗೆ ಇಳಿದಿದೆ. ಇವತ್ತಿನ ಪ್ರಯತ್ನದಲ್ಲಿ ಒಂದು ಗಂಟೆ ತಾವೇ ಉಸಿರಾಡಿದರು. ಆಹಾರ ಇಳಿಸಿದ್ದರಿಂದಲೇ ಇದು ಸಾಧ್ಯವಾಯಿತು ಎಂದು ವರದಿಯಲ್ಲಿ ಬರೆಯಬಹುದೇ ಸರ್?

ತೀವ್ರನಿಗಾ_ಹಿರಿಯ

VCO2 ಶೇ. 14ರಷ್ಟು ಇಳಿಯಿತು, ಬೇಕಾದ ವೆಂಟಿಲೇಷನ್ ಕೂಡ ಅಷ್ಟೇ ಇಳಿಯಿತು, ಇಷ್ಟನ್ನು ಬರೆಯಿರಿ. ಉಳಿದದ್ದನ್ನು ಬರೆಯಬೇಡಿ. ನಿದ್ರೆಯ ಔಷಧ ಅರ್ಧಕ್ಕಿಂತ ಕೆಳಗಿಳಿದಿದೆ, ಶ್ವಾಸಕೋಶ ಮೂರು ದಿನ ಹೆಚ್ಚು ಚೇತರಿಸಿಕೊಂಡಿದೆ, ಆ ಒಂದು ಗಂಟೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಈ ಅಂಕಿಗಳಿಂದ ಬೇರ್ಪಡಿಸಲಾಗದು. ಅವರು ಎಚ್ಚರವಾಗಿ ಹೆಚ್ಚು ಓಡಾಡತೊಡಗಿದಾಗ ವ್ಯಯ ಮತ್ತೆ ಏರುತ್ತದೆ, ಆದ್ದರಿಂದ 1487 ಎಂಬುದನ್ನು ಮುಂದಿನ ವಾರಕ್ಕೂ ಎಳೆಯದೆ ಮತ್ತೆ ಅಳೆಯಿರಿ.

ಮೂತ್ರಪಿಂಡ_ಘಟಕ

ನಮ್ಮಲ್ಲಿ ಆಹಾರ ಏರಿಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ಆಮ್ಲಜನಕ ಶೇ. 50ಕ್ಕೆ ಇಳಿದ ಮೇಲೆ, ಡಯಾಲಿಸಿಸ್‌ನ ಸೋಸುಕ ಬದಲಿಸಲು ನಿಲ್ಲಿಸುವ ಹೊತ್ತಿಗೆ ಹೊಂದಿಸಿ ಮತ್ತೊಮ್ಮೆ ಅಳೆದು, ಎರಡೂ ಗ್ರಾಫ್‌ಗಳನ್ನು ಇಲ್ಲಿ ಹಾಕುತ್ತೇನೆ.